ಇನ್ನೆಷ್ಟು ರೌಂಡ್ ಇದೆ, ಯಾವುದರಲ್ಲಿ ಏನು ನೋಡ್ತಾರೆ ಅಂತ ರಿಕ್ರೂಟರ್ ಹತ್ರ ಹೇಗೆ ಕೇಳೋದು?

ನಿಟುವಳ್ಳಿ ಹುಡುಗ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಜಾವಾ ಬ್ಯಾಕೆಂಡ್ ಕೆಲಸ, ನಾಲ್ಕು ವರ್ಷ ಆಯ್ತು. ಈಗಿರೋ ಕಂಪನಿಯವರು ಮನೆಯಿಂದಲೇ ಕೆಲಸ ಮಾಡೋಕೆ ಬಿಟ್ಟಿದ್ದಾರೆ, ಹಾಗಾಗಿ ಊರಲ್ಲೇ ಇದ್ದೀನಿ. ಬೆಂಗಳೂರಿನ ಒಂದು ಪ್ರಾಡಕ್ಟ್ ಕಂಪನಿಗೆ ಹಾಕಿದ್ದೆ. ಆನ್‌ಲೈನ್ ಟೆಸ್ಟ್ ಆಯ್ತು, ಅದಾದ ಮೇಲೆ ಒಂದು ಗಂಟೆಯ ಕೋಡಿಂಗ್ ರೌಂಡೂ ಆಯ್ತು. ಎರಡೂ ದಾಟಿದೆ. ಶುಕ್ರವಾರ ರಿಕ್ರೂಟರ್ ಫೋನ್ ಮಾಡಿ "ನೆಕ್ಸ್ಟ್ ಟೆಕ್ನಿಕಲ್ ರೌಂಡ್, ಗುರುವಾರ 4 ಗಂಟೆಗೆ ಆಗುತ್ತಾ?" ಅಂದ್ರು. ಏನು ಕೇಳ್ತಾರೆ ಮೇಡಂ ಅಂದೆ. "ಜನರಲ್ ಟೆಕ್ನಿಕಲ್" ಅಂದ್ರು. ಇನ್ನೆಷ್ಟು ರೌಂಡ್ ಇದೆ ಅಂದೆ. "ಒಂದೆರಡು ಇರಬಹುದು, ತಿಳಿಸ್ತೀವಿ" ಅಂತ ಇಟ್ರು.

ನಾನು ಇಷ್ಟು ತಲೆ ಕೆಡಿಸಿಕೊಳ್ಳೋಕೆ ಕಾರಣ ಇದೆ. ಹೋದ ವರ್ಷ ಬೇರೆ ಒಂದು ಕಡೆ ಇದೇ ಥರ "ಟೆಕ್ನಿಕಲ್ ರೌಂಡ್" ಅಂತ ಹೇಳಿದ್ರು. ಎರಡು ವಾರ ರಾತ್ರಿ ಕೂತು ಗ್ರಾಫು, ಡೈನಾಮಿಕ್ ಪ್ರೋಗ್ರಾಮಿಂಗು ಎಲ್ಲಾ ಉಜ್ಜಿಕೊಂಡು ಹೋದೆ. ಕೂತ ಮೇಲೆ ಅವರು ಒಂದು ಪುಟದ ಪ್ರಶ್ನೆ ಕಳಿಸಿ "ನಿಮ್ಮ ಲ್ಯಾಪ್‌ಟಾಪಲ್ಲೇ ಪ್ರಾಜೆಕ್ಟ್ ಮಾಡಿ, ಎರಡು ಗಂಟೆ ಟೈಮು, ಓಡಿಸಿ ತೋರಿಸಿ" ಅಂದ್ರು. ಮಷಿನ್ ಕೋಡಿಂಗ್ ಅಂದ್ರೆ ಅದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಮನೆಯಲ್ಲಿ ಕರೆಂಟ್ ಹೋಗಿತ್ತು, ಮೊಬೈಲ್ ಹಾಟ್‌ಸ್ಪಾಟಲ್ಲಿ ಮೇವನ್ ಲೈಬ್ರರಿ ಇಳಿಯೋಕೇ ಇಪ್ಪತ್ತು ನಿಮಿಷ ಹೋಯ್ತು. ಮುಗಿಸೋಕೆ ಆಗಲಿಲ್ಲ. ಓದಿದ್ದು ಒಂದು, ಬಂದಿದ್ದು ಒಂದು.

ಈ ಸಲ ಹಾಗೆ ಆಗಬಾರದು. ಇನ್ನೊಂದು ಸಲ ಕೇಳಿದ್ರೆ ಆ ಮೇಡಂ ಬೇಜಾರು ಮಾಡ್ಕೊಳ್ತಾರಾ? ಕೇಳೋದಾದ್ರೆ ಯಾವ ಮಾತಲ್ಲಿ ಕೇಳಬೇಕು?

ಹೊಂಡದ ಸರ್ಕಲ್ · ಭಾನುವಾರ ರಾತ್ರಿ

ತಮ್ಮಾ, ಜಾಸ್ತಿ ಕೇಳೋಕೆ ಹೋಗಬೇಡ. ನಾನು ಹದಿನೈದು ವರ್ಷದಿಂದ ಈ ಲೈನಲ್ಲಿದ್ದೀನಿ. ಎಲ್ಲಾ ಕಡೆ ಮೂರೇ ರೌಂಡು. ಟೆಕ್ನಿಕಲ್, ಮ್ಯಾನೇಜರ್, ಎಚ್ಆರ್. ನನಗೆ ಒಂದೇ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ ಸಂಜೆ ಐದಕ್ಕೆ ಮೂರೂ ಮುಗಿದು ಕೈಗೆ ಲೆಟರ್ ಬಂತು. ನಿಂದು ಟೆಕ್ನಿಕಲ್ ಆಗಿದೆ ಅಂದ್ರೆ ಇನ್ನು ಉಳಿದಿರೋದು ಎರಡೇ. ಎಚ್ಆರ್ ಅಂತೂ ಹೆಸರಿಗೆ ಮಾತ್ರ. ಪದೇ ಪದೇ ಕೇಳಿದ್ರೆ ಇವನಿಗೆ ಧೈರ್ಯ ಇಲ್ಲ ಅಂದ್ಕೊಳ್ತಾರೆ.

ದುರ್ಗದವಳು · ಸೋಮವಾರ ಬೆಳಿಗ್ಗೆ

ಹೊಂಡದ ಸರ್ಕಲ್ ಅಣ್ಣ ಹೇಳಿದ್ದು ಸರ್ವಿಸ್ ಕಂಪನಿಗಳ ವೀಕೆಂಡ್ ಡ್ರೈವ್‌ಗೆ ಸರಿ. ಅಲ್ಲಿ ಒಂದೇ ದಿನ ನೂರಾರು ಜನರನ್ನ ನೋಡಬೇಕು, ಅದಕ್ಕೆ ಮೂರು ಮೆಟ್ಟಿಲು ಇಟ್ಟಿರ್ತಾರೆ. ಪ್ರಾಡಕ್ಟ್ ಕಂಪನಿಯಲ್ಲಿ ಆ ಲೆಕ್ಕ ನಡೆಯಲ್ಲ. ನಾನು ಚಿತ್ರದುರ್ಗದವಳು, ಬೆಂಗಳೂರಲ್ಲಿ ಒಂಬತ್ತು ವರ್ಷದಿಂದ ರಿಕ್ರೂಟರ್ ಕೆಲಸ ಮಾಡ್ತಿದ್ದೀನಿ. ಮೊದಲು ಕನ್ಸಲ್ಟೆನ್ಸಿಯಲ್ಲಿದ್ದೆ, ಈಗ ಕಂಪನಿಯೊಳಗೇ ಇದ್ದೀನಿ. ನನ್ನ ಕಡೆಯಿಂದ ಇದು ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

ಒಂದು ಹುದ್ದೆ ತೆರೆದಾಗ ನಾವು ಹೈರಿಂಗ್ ಮ್ಯಾನೇಜರ್ ಜೊತೆ ಕೂತು ಯಾವ ರೌಂಡ್ ಯಾರು ತಗೊಳ್ತಾರೆ, ಯಾವುದರಲ್ಲಿ ಏನು ನೋಡಬೇಕು ಅಂತ ಮೊದಲೇ ಬರೆದುಕೊಳ್ತೀವಿ. ಅದು ಸಾಫ್ಟ್‌ವೇರಲ್ಲಿ ಹಂತ ಹಂತವಾಗಿ ಇರುತ್ತೆ. ಪ್ರತಿ ಇಂಟರ್ವ್ಯೂವರ್‌ಗೂ ಒಂದು ಫಾರ್ಮ್ ಇರುತ್ತೆ, ಮುಗಿದ ಮೇಲೆ ಅವರು ತುಂಬಿಸಬೇಕು. ಅಂದ್ರೆ ನೀವು ಕೇಳ್ತಿರೋ ಉತ್ತರ ನನ್ನ ಪರದೆ ಮೇಲೇ ಇರುತ್ತೆ. ಪ್ರಶ್ನೆಪತ್ರಿಕೆ ನಾನು ಹೇಳೋ ಹಾಗಿಲ್ಲ, ಆದ್ರೆ ರೌಂಡಿನ ಸ್ವರೂಪ ಹೇಳೋಕೆ ಯಾವ ಅಡ್ಡಿಯೂ ಇಲ್ಲ. ತಯಾರಾಗದೆ ಬಂದವರು ಫೇಲಾದ್ರೆ ನನಗೇ ನಷ್ಟ. ಮತ್ತೆ ಮೊದಲಿಂದ ಹುಡುಕಬೇಕು.

ಹಾಗಿದ್ರೆ "ಜನರಲ್ ಟೆಕ್ನಿಕಲ್" ಅಂತ ಯಾಕೆ ಹೇಳ್ತೀವಿ? ಯಾಕಂದ್ರೆ "ಏನು ಕೇಳ್ತಾರೆ" ಅನ್ನೋ ಪ್ರಶ್ನೆಗೆ ಉತ್ತರ ಹುಡುಕಬೇಕು, ಬರೀಬೇಕು, ತಪ್ಪಾದ್ರೆ ನನ್ನ ತಲೆ ಮೇಲೆ ಬರುತ್ತೆ. ಫೋನಲ್ಲಿ ನಾನು ಸ್ಲಾಟ್ ಹಿಡಿಯೋ ಗಡಿಬಿಡಿಯಲ್ಲಿರ್ತೀನಿ, ಅವತ್ತು ಇನ್ನೂ ಹನ್ನೆರಡು ಜನರಿಗೆ ಫೋನ್ ಮಾಡೋದಿರುತ್ತೆ. ಅದೇ ನೀವು "ಇದಾ, ಅದಾ, ಮತ್ತೊಂದಾ?" ಅಂತ ಮೂರು ಇಟ್ಟು ಕೇಳಿ. ಒಂದು ಪದದಲ್ಲಿ ಉತ್ತರ ಕೊಡ್ತೀನಿ.

ಅದಕ್ಕೆ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ಕೇಳಿ. ಸ್ಲಾಟ್ ಒಪ್ಪಿಕೊಳ್ಳೋ ಮೇಲ್‌ನಲ್ಲೇ ಕೇಳಿ. ಆ ಹೊತ್ತಿಗೆ ನನಗೆ ನಿಮ್ಮಿಂದ ಒಂದು ಉತ್ತರ ಬೇಕಾಗಿರುತ್ತೆ, ಹಾಗಾಗಿ ನಿಮ್ಮ ಮೇಲ್ ತಪ್ಪದೇ ಓದ್ತೀನಿ. ಸ್ಲಾಟ್ ಒಪ್ಪಿ ಮೂರು ದಿನ ಬಿಟ್ಟು ಕೇಳಿದ್ರೆ ಅದು ನೂರು ಮೆಸೇಜಿನ ಕೆಳಗೆ ಹೋಗುತ್ತೆ.

ನಿಟುವಳ್ಳಿ ತಮ್ಮ, ನೀನು ಸ್ಲಾಟ್ ಇನ್ನೂ ಬರವಣಿಗೆಯಲ್ಲಿ ಒಪ್ಪಿಲ್ಲ ತಾನೆ? ಹಾಗಿದ್ರೆ ಈಗಲೇ ಹೀಗೆ ಬರಿ, ಇಂಗ್ಲಿಷಲ್ಲಿ ಹಾಕ್ಕೋ:

"ಗುರುವಾರ ಸಂಜೆ 4 ಗಂಟೆ ನನಗೆ ಆಗುತ್ತೆ. ತಯಾರಿಗೆ ಎರಡು ವಿಷಯ ತಿಳಿಸಿದರೆ ಅನುಕೂಲ. ಒಂದು, ಈ ರೌಂಡ್ ಹಿಂದಿನ ಹಾಗೆ ಡೇಟಾ ಸ್ಟ್ರಕ್ಚರ್ ಪ್ರಶ್ನೆಗಳದ್ದಾ, ನನ್ನ ಲ್ಯಾಪ್‌ಟಾಪಲ್ಲಿ ಕೋಡ್ ಬರೆದು ಓಡಿಸಿ ತೋರಿಸೋದಾ, ಇಲ್ಲ ಡಿಸೈನ್ ಬಗ್ಗೆ ಮಾತುಕತೆಯಾ? ಎರಡು, ಸದ್ಯದ ಪ್ಲ್ಯಾನ್ ಪ್ರಕಾರ ಇದಾದ ಮೇಲೆ ಯಾವ್ಯಾವ ರೌಂಡ್ ಉಳಿದಿವೆ, ಅವುಗಳಲ್ಲಿ ಯಾವುದಕ್ಕಾದರೂ ಆಫೀಸಿಗೆ ಬರಬೇಕಾ? ನಾನು ದಾವಣಗೆರೆಯಲ್ಲಿದ್ದೇನೆ, ಬರೋದಾದರೆ ಟಿಕೆಟ್ ಮೊದಲೇ ಮಾಡಿಸಿಕೊಳ್ಳುತ್ತೇನೆ."

"ಸದ್ಯದ ಪ್ಲ್ಯಾನ್ ಪ್ರಕಾರ" ಅನ್ನೋ ಮಾತು ಬಿಡಬೇಡ. "ಒಟ್ಟು ಎಷ್ಟು ರೌಂಡ್" ಅಂತ ಕೇಳಿದ್ರೆ ನಾನು ಮಾತು ಕೊಟ್ಟ ಹಾಗಾಗುತ್ತೆ, ಅದಕ್ಕೇ "ಒಂದೆರಡು" ಅಂತ ಜಾರಿಕೊಳ್ತೀನಿ. ಸದ್ಯದ ಪ್ಲ್ಯಾನ್ ಅಂದ್ರೆ ಧೈರ್ಯವಾಗಿ ಹೇಳ್ತೀನಿ.

ಹೊಳಲ್ಕೆರೆ ರೋಡ್ · ಸೋಮವಾರ ಮಧ್ಯಾಹ್ನ

ನಮ್ಮದೂ ಇದೇ ಪ್ರಶ್ನೆ ಇತ್ತು. ನನ್ನ ಮಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ, ಚಿತ್ರದುರ್ಗ. ಯಾರೋ ವಾಟ್ಸಾಪಲ್ಲಿ ರಿಕ್ರೂಟರ್ ಅಂತ ಹೇಳಿಕೊಂಡು ಮೊದಲ ರೌಂಡ್ ಫೋನಲ್ಲೇ ಐದು ನಿಮಿಷ ಮಾತಾಡಿಸಿದ್ರು, ಪಾಸ್ ಅಂದ್ರು. ಎರಡನೇ ರೌಂಡಿಗೆ 1,500 ರೂಪಾಯಿ ರಿಜಿಸ್ಟ್ರೇಷನ್, ಮೂರನೇದಕ್ಕೆ 3,000, ಸೇರಿದ ಮೇಲೆ ವಾಪಸ್ ಕೊಡ್ತೀವಿ ಅಂತಾರೆ. ಇನ್ನು ಎಷ್ಟು ರೌಂಡ್ ಇದೆ ಅಂತ ಕೇಳೋದು ಹೇಗೆ? ಒಟ್ಟು ಎಷ್ಟು ದುಡ್ಡು ಆಗುತ್ತೆ ಅಂತ ಗೊತ್ತಾದ್ರೆ ಹೊಂದಿಸಬಹುದು.

ದುರ್ಗದವಳು · ಸೋಮವಾರ ಮಧ್ಯಾಹ್ನ

ಅಣ್ಣಾವ್ರೇ, ಒಂದು ರೂಪಾಯಿನೂ ಕಳಿಸಬೇಡಿ. ಅದು ಮೋಸ. ಕೆಲಸ ಕೊಡೋ ಕಂಪನಿ ಇಂಟರ್ವ್ಯೂಗೆ ದುಡ್ಡು ತಗೊಳ್ಳಲ್ಲ. ಕನ್ಸಲ್ಟೆನ್ಸಿ ಮೂಲಕ ಹೋದ್ರೂ ಅವರಿಗೆ ದುಡ್ಡು ಕೊಡೋದು ಕಂಪನಿ, ಹುಡುಗ ಅಲ್ಲ. ಕಳಿಸಿಬಿಟ್ಟಿದ್ರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಗೆ ಇರೋ ನಂಬರ್. ಎಷ್ಟು ಬೇಗ ಮಾಡ್ತೀರೋ ಅಷ್ಟು ದುಡ್ಡು ತಡೆಹಿಡಿಯೋ ಸಾಧ್ಯತೆ ಜಾಸ್ತಿ. ಕಳಿಸಿಲ್ಲ ಅಂದ್ರೆ ಮಗನ ಹತ್ರ ಒಂದು ಪ್ರಶ್ನೆ ಕೇಳಿಸಿ: "ಮುಂದಿನ ರೌಂಡ್ ಯಾರು ತಗೊಳ್ತಾರೆ, ಅವರ ಹುದ್ದೆ ಏನು, ಏನನ್ನ ನೋಡ್ತಾರೆ? ಕಂಪನಿಯ ಮೇಲ್ ಐಡಿಯಿಂದ ಕಳಿಸಿ." ನಿಜವಾದ ರಿಕ್ರೂಟರ್ ಕಳಿಸ್ತಾರೆ. ಇವರು ಮತ್ತೆ ದುಡ್ಡಿನ ಮಾತಿಗೇ ಬರ್ತಾರೆ.

ಹೊಳಲ್ಕೆರೆ ರೋಡ್ · ಸೋಮವಾರ ಸಂಜೆ

ಇನ್ನೂ ಕಳಿಸಿರಲಿಲ್ಲ ತಾಯಿ, ನಾಳೆ ಕಳಿಸೋದಿತ್ತು. ಮಗ ನೀವು ಹೇಳಿದ ಹಾಗೇ ಕೇಳಿದ. ನಂಬರ್ ಬ್ಲಾಕ್ ಮಾಡಿದ್ದಾರೆ.

ಕೆರೆ ದಂಡೆ · ಸೋಮವಾರ ರಾತ್ರಿ

ನಾನು ಇಂಟರ್ವ್ಯೂ ತಗೊಳ್ಳೋ ಕಡೆಯವನು, ವಾರಕ್ಕೆ ಎರಡಾದ್ರೂ ಇರ್ತವೆ. ಊರು ಹರಿಹರದ ಹತ್ರ. ದುರ್ಗದ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ರಿಕ್ರೂಟರ್ ಉತ್ತರ ಕೊಡದಿದ್ರೂ ಕ್ಯಾಲೆಂಡರ್ ಇನ್ವೈಟ್ ಬರುತ್ತಲ್ಲ, ಅದನ್ನ ಸರಿಯಾಗಿ ಓದಿ. ತುಂಬಾ ಸಲ ತಲೆಬರಹದಲ್ಲೇ ಇರುತ್ತೆ. ಉದಾಹರಣೆಗೆ ಹೀಗೆ:

```
Tech 2 - LLD | 90 min
```

ಇಲ್ಲಿ `LLD`, ಅಂದ್ರೆ ಲೋ ಲೆವೆಲ್ ಡಿಸೈನ್, ಅನ್ನೋದೊಂದೇ ಸಾಲದು, ಎಷ್ಟು ನಿಮಿಷ ಅನ್ನೋದನ್ನೂ ನೋಡಬೇಕು. 45 ನಿಮಿಷ, ಒಂದು ಗಂಟೆ ಇದ್ರೆ ಸಾಮಾನ್ಯವಾಗಿ ಕ್ಲಾಸುಗಳನ್ನ ಹೇಗೆ ವಿಂಗಡಿಸ್ತೀರಿ ಅಂತ ಬಾಯಲ್ಲಿ ವಿವರಿಸೋದು, ಸ್ವಲ್ಪ ಕೋಡ್ ಬರೆಯೋದು. 90 ನಿಮಿಷ, ಎರಡು ಗಂಟೆ ಅಂದ್ರೆ ಬಹುಪಾಲು ಓಡೋ ಕೋಡ್ ಬೇಕು ಅಂತಲೇ ಅರ್ಥ. ಆಮೇಲೆ ಇಂಟರ್ವ್ಯೂವರ್ ಹೆಸರು ಇರುತ್ತೆ. ಅವರ ಹುದ್ದೆ ಎಂಜಿನಿಯರಿಂಗ್ ಮ್ಯಾನೇಜರ್ ಅಂತಿದ್ರೆ ನೀವು ಮಾಡಿದ ಪ್ರಾಜೆಕ್ಟ್ ಬಗ್ಗೆ ಆಳವಾಗಿ ಕೆದಕ್ತಾರೆ. ಇವು ಊಹೆಗಳು, ತಪ್ಪೂ ಆಗಬಹುದು. ಆದ್ರೆ "ಇನ್ವೈಟ್‌ನಲ್ಲಿ 90 ನಿಮಿಷ ಇದೆ, ಹಾಗಾದ್ರೆ ಇದು ಕೋಡ್ ಓಡಿಸಿ ತೋರಿಸೋ ರೌಂಡ್ ಅಂತ ತಿಳ್ಕೊಳ್ಳಲಾ?" ಅಂತ ಕೇಳೋಕೆ ಒಂದು ಆಧಾರ ಸಿಗುತ್ತೆ.

ಪಿಜೆ ಬಡಾವಣೆ · ಮಂಗಳವಾರ ಬೆಳಿಗ್ಗೆ

ನಾನು ಸಾಫ್ಟ್‌ವೇರ್ ಅಲ್ಲ, ಒಂದು ಫೈನಾನ್ಸ್ ಕಂಪನಿಯ ಸೇಲ್ಸ್ ಹುದ್ದೆಗೆ ಹೋಗಿದ್ದೆ, ದಾವಣಗೆರೆ ಬ್ರಾಂಚಿಗೇ. ಎರಡು ರೌಂಡ್ ಅಂದಿದ್ರು. ಎರಡೂ ಆದ ಮೇಲೆ ಹುಬ್ಬಳ್ಳಿಯ ರೀಜನಲ್ ಮ್ಯಾನೇಜರ್ ನೋಡಬೇಕು ಅಂತ ಮೂರನೇದು ಬಂತು. ಅಲ್ಲಿ ಕೂತ ತಕ್ಷಣ "ನಾನು ಕಿರಾಣಿ ಅಂಗಡಿಯವನು, ನನಗೆ ಲೋನ್ ಬೇಡ, ಒಪ್ಪಿಸಿ ನೋಡೋಣ" ಅಂದ್ರು. ನಾನು ಬಡ್ಡಿ ದರ, ದಾಖಲೆ ಎಲ್ಲಾ ಓದಿಕೊಂಡು ಹೋಗಿದ್ದೆ, ಈ ನಾಟಕಕ್ಕೆ ತಯಾರಿರಲಿಲ್ಲ. ತಡವರಿಸಿದೆ. ಅವರು ಎರಡು ಅಂತ ಹೇಳಿ ಮೂರು ಮಾಡಿದ್ದು ತಪ್ಪಲ್ವಾ? ಹೀಗಿರುವಾಗ ಕೇಳಿ ಏನು ಪ್ರಯೋಜನ?

ದುರ್ಗದವಳು · ಮಂಗಳವಾರ ಮಧ್ಯಾಹ್ನ

ನಿಮಗೆ ಆಗಿದ್ದು ಬೇಸರದ ವಿಷಯವೇ. ಆದ್ರೆ ನೋಡಿ, ರೌಂಡ್ ಹೆಚ್ಚಾಗಿದ್ದಕ್ಕಿಂತ ಅದರಲ್ಲಿ ಮಾತಾಡಿ ಒಪ್ಪಿಸೋದಿದೆ ಅಂತ ಗೊತ್ತಿಲ್ಲದೇ ಹೋಗಿದ್ದೇ ನಿಮಗೆ ಪೆಟ್ಟು ಕೊಟ್ಟಿದ್ದು. ಮೂರನೇದು ಅಂದ ತಕ್ಷಣ "ಇದರಲ್ಲಿ ಗ್ರಾಹಕರ ಜೊತೆ ಮಾತಾಡೋ ಹಾಗೆ ಮಾಡಿಸ್ತಾರಾ, ಇಲ್ಲ ಅನುಭವದ ಬಗ್ಗೆ ಕೇಳ್ತಾರಾ?" ಅಂತ ಒಂದು ಸಾಲು ಕೇಳಿದ್ರೆ ಹಿಂದಿನ ದಿನ ಮನೆಯವರ ಮುಂದೆ ನಾಲ್ಕು ಸಲ ಮಾಡಿ ನೋಡ್ತಿದ್ರಿ.

ರೌಂಡ್ ಹೆಚ್ಚಾಗೋಕೆ ನಾನು ಕಂಡ ಹಾಗೆ ಮುಖ್ಯವಾಗಿ ಎರಡು ಕಾರಣ. ಇಬ್ಬರು ಇಂಟರ್ವ್ಯೂವರ್‌ಗಳ ಅಭಿಪ್ರಾಯ ಎದುರುಬದುರಾದಾಗ ಮೂರನೇಯವರನ್ನ ಕೇಳ್ತೀವಿ. ಇಲ್ಲ, ಆಳು ಒಳ್ಳೆಯವರು ಆದ್ರೆ ಯಾವ ಮಟ್ಟದ ಹುದ್ದೆ ಕೊಡಬೇಕು ಅಂತ ತೀರ್ಮಾನ ಆಗದೇ ಇದ್ದಾಗ. ಎರಡರಲ್ಲೂ ಬಾಗಿಲು ಇನ್ನೂ ತೆರೆದಿದೆ ಅಂತಲೇ ಅರ್ಥ. ಬೇಡ ಅಂತ ಆಗಿದ್ರೆ ಯಾರೂ ಇನ್ನೊಬ್ಬರ ಒಂದು ಗಂಟೆ ಖರ್ಚು ಮಾಡಲ್ಲ.

ಹೊಂಡದ ಸರ್ಕಲ್ ಅಣ್ಣ, ಎಚ್ಆರ್ ಹೆಸರಿಗೆ ಮಾತ್ರ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ನೋಟಿಸ್ ಪಿರಿಯಡ್ 90 ದಿನ ಇದ್ದು ಮೊದಲು 30 ಅಂತ ಹೇಳಿದ್ದವರು, ಸಂಬಳದ ಸ್ಲಿಪ್ಪಿಗೂ ಬಾಯಲ್ಲಿ ಹೇಳಿದ್ದಕ್ಕೂ ತಾಳೆ ಆಗದವರು, ಇವರೆಲ್ಲ ಬಿದ್ದಿದ್ದು ಕೊನೆಯ ಆ ರೌಂಡಲ್ಲೇ.

ನಿಟುವಳ್ಳಿ ಹುಡುಗ · ಮಂಗಳವಾರ ರಾತ್ರಿ

ಅಕ್ಕ, ನಿನ್ನೆಯೇ ನೀವು ಹೇಳಿದ ಹಾಗೆ ಮೇಲ್ ಹಾಕಿದೆ. ಇವತ್ತು 11 ಗಂಟೆಗೆ ಉತ್ತರ ಬಂತು. ಅವರು ಬರೆದಿದ್ದು: ಇದು ಮಷಿನ್ ಕೋಡಿಂಗ್, 90 ನಿಮಿಷ, ಸ್ವಂತ ಲ್ಯಾಪ್‌ಟಾಪ್, ಭಾಷೆ ನಿಮ್ಮಿಷ್ಟ, ಪರದೆ ಹಂಚಿಕೊಂಡು ಬರೀಬೇಕು. ಇದಾದ ಮೇಲೆ ಸದ್ಯದ ಪ್ಲ್ಯಾನ್ ಪ್ರಕಾರ ಸಿಸ್ಟಂ ಡಿಸೈನ್ ಒಂದು ಗಂಟೆ ಆನ್‌ಲೈನ್, ಆಮೇಲೆ ಹೈರಿಂಗ್ ಮ್ಯಾನೇಜರ್ ಆಫೀಸಲ್ಲಿ, ಅದೇ ದಿನ ಎಚ್ಆರ್. ಶುಕ್ರವಾರ ಫೋನಲ್ಲಿ "ಜನರಲ್ ಟೆಕ್ನಿಕಲ್" ಅಂದಿದ್ದ ಅದೇ ಮೇಡಂ ಇಷ್ಟು ಬರೆದು ಕಳಿಸಿದ್ದಾರೆ. ನನಗೆ ನಂಬೋಕೇ ಆಗಲಿಲ್ಲ.

ಈಗ ಉಳಿದಿರೋದು ಒಂದೂವರೆ ದಿನ. ಕೆರೆ ದಂಡೆ ಅಣ್ಣ, ಈ ಮಷಿನ್ ಕೋಡಿಂಗಲ್ಲಿ ನಿಮ್ಮಂಥವರು ಏನು ನೋಡ್ತೀರಿ ಅಂತ ಹೇಳ್ತೀರಾ?

ಕೆರೆ ದಂಡೆ · ಮಂಗಳವಾರ ರಾತ್ರಿ

ಮೊದಲು ಓಡಬೇಕು. ಎಷ್ಟೇ ಚೆಂದ ಬರೆದರೂ 90 ನಿಮಿಷಕ್ಕೆ ಓಡಲಿಲ್ಲ ಅಂದ್ರೆ ನಾನು ಮುಂದೆ ಕಳಿಸೋದು ಕಷ್ಟ. ಡೇಟಾಬೇಸ್ ಬೇಡ, ಸ್ಪ್ರಿಂಗ್ ಬೇಡ, ವೆಬ್ ಪೇಜ್ ಬೇಡ. ಮೆಮೊರಿಯಲ್ಲೇ ಇಟ್ಟುಕೊಂಡು `main` ಇಂದ ಕರೆದು ತೋರಿಸಿದ್ರೆ ಸಾಕು. ಬೇಕು ಅಂತ ಪ್ರಶ್ನೆಯಲ್ಲೇ ಹೇಳಿದ್ರೆ ಮಾತ್ರ ಉಳಿದದ್ದು.

ಎರಡನೇದು, ನಾನು ಕೊನೆಗೆ ಒಂದು ಬದಲಾವಣೆ ಕೇಳ್ತೀನಿ. ನಿಜವಾದ ಪರೀಕ್ಷೆ ಅಲ್ಲಿದೆ. ಒಂದು ಉದಾಹರಣೆ ಹೇಳ್ತೀನಿ, ನಾಳೆ ಇದನ್ನೇ ಕೂತು ಮಾಡು. ಅಂಗಡಿಯ ಉದ್ರಿ ಪುಸ್ತಕ. ಗಿರಾಕಿ ಸಾಮಾನು ಒಯ್ದಾಗ ಬರ್ಕೊಬೇಕು, ದುಡ್ಡು ಕೊಟ್ಟಾಗ ಕಳೀಬೇಕು, ಕೇಳಿದಾಗ ಯಾರ ಬಾಕಿ ಎಷ್ಟು ಅಂತ ಹೇಳಬೇಕು. ಸುಲಭ ಅನ್ಸುತ್ತೆ. ಎಪ್ಪತ್ತನೇ ನಿಮಿಷಕ್ಕೆ ನಾನು "ಬಾಕಿ 5,000 ದಾಟಿದ ಗಿರಾಕಿಗೆ ಉದ್ರಿ ಕೊಡಬಾರದು, ಆದ್ರೆ ಹಳೇ ಗಿರಾಕಿಗೆ ಮಿತಿ 10,000" ಅಂತೀನಿ. ಬಾಕಿ ಲೆಕ್ಕ ಹಾಕೋದನ್ನ ಒಂದೇ ಕಡೆ ಇಟ್ಟಿದ್ದವನು, ಮಿತಿ ಯಾವುದು ಅಂತ ಹೇಳೋ ಒಂದು ಪುಟ್ಟ ಕ್ಲಾಸ್ ಸೇರಿಸಿ, ಉದ್ರಿ ಬರೆಯೋ ಜಾಗದಲ್ಲಿ ಒಂದು ಸಾಲು ಹಾಕಿ ಹತ್ತು ನಿಮಿಷದಲ್ಲಿ ತೋರಿಸ್ತಾನೆ. ಖರೀದಿಯಲ್ಲಿ ಒಮ್ಮೆ, ಪಾವತಿಯಲ್ಲಿ ಒಮ್ಮೆ, ವರದಿಯಲ್ಲಿ ಒಮ್ಮೆ ಬಾಕಿ ಲೆಕ್ಕ ಹಾಕಿದವನು ಮೂರು ಕಡೆ ತಿದ್ದೋಕೆ ಹೋಗಿ ಓಡ್ತಿದ್ದದ್ದನ್ನೂ ಕೆಡಿಸಿಕೊಳ್ತಾನೆ. ನಾನು ಫಾರ್ಮಲ್ಲಿ ಬರೆಯೋದು ಆ ಹತ್ತು ನಿಮಿಷದ ಬಗ್ಗೆಯೇ ಹೆಚ್ಚು.

ಹೋದ ವರ್ಷ ಲೈಬ್ರರಿ ಇಳಿಯದೆ ಟೈಮ್ ಹೋಯ್ತು ಅಂದೆಯಲ್ಲ. ಖಾಲಿ ಪ್ರಾಜೆಕ್ಟ್ ಒಂದನ್ನ ಈಗಲೇ ಮಾಡಿಡು, ಒಂದು ಟೆಸ್ಟ್ ಬರೆದು ನೆಟ್ ಇರುವಾಗ ಓಡಿಸು. ಆಮೇಲೆ ನೆಟ್ ಇಲ್ಲದೆ ಓಡಿಸಿ ನೋಡು:

```
mvn test
mvn -o test
```

`mvn dependency:go-offline` ಒಂದೇ ಸಾಕು ಅಂತ ತುಂಬಾ ಜನ ಅಂದ್ಕೊಳ್ತಾರೆ. ಟೆಸ್ಟ್ ಓಡಿಸೋಕೆ ಬೇಕಾದ ಕೆಲವು ತುಣುಕು ಟೆಸ್ಟ್ ಮೊದಲ ಸಲ ಓಡುವಾಗಲೇ ಇಳಿಯೋದು. ಅದಕ್ಕೆ ಒಂದು ಸಲ ನಿಜವಾಗಿ ಓಡಿಸಿಬಿಡಬೇಕು. ಎರಡನೇ ಸಾಲು ತಪ್ಪಿಲ್ಲದೆ ಮುಗಿದ್ರೆ ಲೈಬ್ರರಿ ಚಿಂತೆ ಇಲ್ಲ. ಹೊಸ ಲೈಬ್ರರಿ ಅವತ್ತು ಸೇರಿಸೋಕೆ ಹೋಗಬೇಡ.

ಕರೆಂಟಿನ ಬಗ್ಗೆ ಇನ್ನೊಂದು. ರಿಕ್ರೂಟರ್‌ಗೆ ಮೊದಲೇ ಒಂದು ಸಾಲು ಬರೆದಿಡು, "ಕರೆ ಕಡಿತಗೊಂಡರೆ ಯಾವ ನಂಬರಿಗೆ ತಿಳಿಸಲಿ?" ಅಂತ. ಮಧ್ಯೆ ಮಾಯವಾದವನನ್ನ ಹುಡುಕೋಕೆ ನನ್ನ ಹತ್ರ ನಂಬರೇ ಇರಲ್ಲ.

ಹೊಂಡದ ಸರ್ಕಲ್ · ಬುಧವಾರ ಬೆಳಿಗ್ಗೆ

ಸರಿ, ನನ್ನ ಕಾಲದ ಲೆಕ್ಕ ಈಗಿಲ್ಲ ಅನ್ನೋದು ಒಪ್ಪಿದೆ. ಆದ್ರೆ ಒಂದು ಕೇಳ್ತೀನಿ. ಆ ಮೇಡಂ ಉತ್ತರ ಕೊಟ್ರು, ಕೊಡದೇ ಇದ್ದಿದ್ರೆ? ನನ್ನ ಅಕ್ಕನ ಮಗಳಿಗೆ ಕನ್ಸಲ್ಟೆನ್ಸಿಯವರು "ನಮಗೆ ಗೊತ್ತಿಲ್ಲ, ಹೋಗಿ ಅಟೆಂಡ್ ಮಾಡಿ" ಅಂತಲೇ ಹೇಳೋದು.

ದುರ್ಗದವಳು · ಬುಧವಾರ ಮಧ್ಯಾಹ್ನ

ಅವರಿಗೆ ನಿಜವಾಗಿಯೂ ಗೊತ್ತಿರಲ್ಲ ಅಣ್ಣ. ನಾನು ಕನ್ಸಲ್ಟೆನ್ಸಿಯಲ್ಲಿದ್ದಾಗ ಕಂಪನಿ ನನಗೆ ಕೊಡ್ತಿದ್ದದ್ದು ಹುದ್ದೆಯ ವಿವರ, ಸಂಬಳದ ಮಿತಿ, ಅಷ್ಟೇ. ರೌಂಡಿನ ಒಳವಿವರ ಕಂಪನಿಯೊಳಗಿನ ರಿಕ್ರೂಟರ್ ಹತ್ರ. ಅದಕ್ಕೆ ಕನ್ಸಲ್ಟೆನ್ಸಿಯವರನ್ನ ಕೇಳಬೇಕಾದ್ದು "ಏನು ಕೇಳ್ತಾರೆ" ಅಂತ ಅಲ್ಲ. "ನೀವು ಇದೇ ಹುದ್ದೆಗೆ ಕಳಿಸಿದ ಬೇರೆಯವರಿಗೆ ಈ ರೌಂಡ್ ಯಾವ ಥರ ಇತ್ತು?" ಅಂತ ಕೇಳಿ. ಅವರು ಕಳಿಸಿದ ಐದಾರು ಜನ ಅದನ್ನ ದಾಟಿರ್ತಾರೆ ಇಲ್ಲ ಬಿದ್ದಿರ್ತಾರೆ, ಅದು ಅವರಿಗೆ ಗೊತ್ತು. ಜೊತೆಗೆ "ಕಂಪನಿ ಕಡೆಯ ಸಂಪರ್ಕದವರಿಗೆ ಈ ಎರಡು ಪ್ರಶ್ನೆ ಕಳಿಸ್ತೀರಾ?" ಅಂತ ಬರೆದುಕೊಡಿ. ಅವರು ಅದನ್ನ ಹಾಗೇ ಮುಂದೆ ಕಳಿಸಿದ್ರೆ ಸಾಕು.

ಒಂದು ಸಲ ಕೇಳಿ ಉತ್ತರ ಬರಲಿಲ್ಲ ಅಂದ್ರೆ ಇಂಟರ್ವ್ಯೂ ಹಿಂದಿನ ದಿನ ಇನ್ನೊಂದು ಸಲ, ಅದೇ ಮೇಲ್‌ಗೆ ಉತ್ತರವಾಗಿ, ಚಿಕ್ಕದಾಗಿ ಕೇಳಿ. ಅಲ್ಲಿಗೆ ನಿಲ್ಲಿಸಿ. ಆಮೇಲೂ ಬರಲಿಲ್ಲ ಅಂದ್ರೆ ಕೆರೆ ದಂಡೆಯವರು ಹೇಳಿದ ಇನ್ವೈಟ್ ಓದೋ ದಾರಿ.

ನಿಟುವಳ್ಳಿ ಹುಡುಗ · ಗುರುವಾರ ರಾತ್ರಿ

ಮುಗಿಸಿ ಬಂದು ಬರೀತಿದ್ದೀನಿ. ಪ್ರಶ್ನೆ ಏನಿತ್ತು ಅಂತ ಇಲ್ಲಿ ಹಾಕಲ್ಲ, ಅದು ಸರಿಯಲ್ಲ. ಓಡಿತು. 62ನೇ ನಿಮಿಷಕ್ಕೆ ಮೂಲ ಕೆಲಸ ಮುಗಿದಿತ್ತು. ಕೊನೆಗೆ ಬದಲಾವಣೆ ಕೇಳಿದ್ರು, ನಿಜವಾಗಿಯೂ ಕೇಳಿದ್ರು! ಉದ್ರಿ ಪುಸ್ತಕ ಬುಧವಾರ ಎರಡು ಸಲ ಬರೆದಿದ್ದೆ, ಮೊದಲ ಸಲ ಮಿತಿ ಹಾಕೋಕೆ ಹೋಗಿ ನಾನೂ ಮೂರು ಕಡೆ ತಿದ್ದಿದ್ದೆ. ಆ ಪೆಟ್ಟು ನೆನಪಿತ್ತು, ಹಾಗಾಗಿ ಇವತ್ತು ನಿಯಮಗಳನ್ನ ಮೊದಲೇ ಬೇರೆ ಇಟ್ಟೆ. ಒಂದು ಕಡೆ ಮಾತ್ರ ಒದ್ದಾಡಿದೆ. "ಇಬ್ಬರು ಒಟ್ಟಿಗೇ ಬರೆದ್ರೆ ಏನಾಗುತ್ತೆ?" ಅಂದ್ರು, ನಾನು ಲಾಕ್ ಹಾಕ್ತೀನಿ ಅಂದೆ, ಎಲ್ಲಿ ಅಂದಾಗ ಸರಿಯಾಗಿ ಹೇಳೋಕೆ ಆಗಲಿಲ್ಲ.

ನಿಟುವಳ್ಳಿ ಹುಡುಗ · ಶನಿವಾರ ಬೆಳಿಗ್ಗೆ

ಹೊಸ ಗೊಂದಲ. ನಿನ್ನೆ ಸಂಜೆ ಮೇಡಂ ಫೋನ್ ಮಾಡಿ ಫೀಡ್‌ಬ್ಯಾಕ್ ಚೆನ್ನಾಗಿದೆ, ಆದ್ರೆ ಸಿಸ್ಟಂ ಡಿಸೈನ್‌ಗೆ ಮುಂಚೆ 45 ನಿಮಿಷದ ಇನ್ನೊಂದು ಟೆಕ್ನಿಕಲ್ ಇಡ್ತೀವಿ ಅಂದ್ರು. ಮೊದಲು ಹೇಳಿದ ಪಟ್ಟಿಯಲ್ಲಿ ಇದಿರಲಿಲ್ಲ. ಇದಲ್ಲದೆ ಬೇರೆ ಒಂದು ಕಂಪನಿಯ ಆಫರ್ ಕೈಯಲ್ಲಿದೆ, ಈ ತಿಂಗಳ 20ರೊಳಗೆ ಉತ್ತರ ಕೊಡಬೇಕು. ಇವತ್ತು 7. ಇದನ್ನ ಇವರಿಗೆ ಹೇಳಲಾ ಬೇಡವಾ? ಮೂರು ಅರ್ಧ ದಿನ ರಜೆ ಈಗಾಗಲೇ ಹಾಕಿದ್ದೀನಿ, ನಮ್ಮ ಮ್ಯಾನೇಜರ್ ಕೇಳೋಕೆ ಶುರು ಮಾಡಿದ್ದಾರೆ.

ಹೊಂಡದ ಸರ್ಕಲ್ · ಶನಿವಾರ ಬೆಳಿಗ್ಗೆ

ಹೇಳಬೇಡ. ಬೇರೆ ಕಡೆ ಆಫರ್ ಇದೆ ಅಂದ ತಕ್ಷಣ ಇವನು ನಮ್ಮಲ್ಲಿ ಸೇರಿ ನಿಲ್ಲಲ್ಲ ಅಂತ ಕೈಬಿಡ್ತಾರೆ. ನನ್ನ ಜೊತೆಯವರಿಗೆ ಹಾಗೇ ಆಗಿದೆ.

ದುರ್ಗದವಳು · ಶನಿವಾರ ಮಧ್ಯಾಹ್ನ

ಅಣ್ಣ ಹೇಳಿದ ಹಾಗೆ ಆಗೋದೂ ಉಂಟು. ಸಂಬಳ ಏರಿಸಿಕೊಳ್ಳೋಕೆ ಅಂತಲೇ ಆಫರ್ ತೋರಿಸೋರನ್ನ ನೋಡಿ ನೋಡಿ ಕೆಲವು ಮ್ಯಾನೇಜರ್‌ಗಳಿಗೆ ಸಾಕಾಗಿದೆ. ನನ್ನ ಮಟ್ಟಿಗೆ ಹೇಳೋದಾದ್ರೆ ದಿನಾಂಕ ಹೇಳು, ಮೊತ್ತ ಹೇಳಬೇಡ, ಕಂಪನಿ ಹೆಸರೂ ಬೇಡ. "20ರೊಳಗೆ ಒಂದು ಕಡೆ ಉತ್ತರ ಕೊಡಬೇಕಿದೆ, ನನಗೆ ನಿಮ್ಮ ಕೆಲಸವೇ ಹೆಚ್ಚು ಇಷ್ಟ, ಉಳಿದ ರೌಂಡ್‌ಗಳು ಅಷ್ಟರೊಳಗೆ ಮುಗಿಯೋ ಸಾಧ್ಯತೆ ಇದೆಯಾ?" ಇಷ್ಟು. ದಿನಾಂಕ ಗೊತ್ತಿದ್ರೆ ನಾನು ಎರಡು ರೌಂಡ್ ಒಂದೇ ದಿನಕ್ಕೆ ಹಾಕೋಕೆ ಕೇಳಬಹುದು. ಗೊತ್ತಿಲ್ಲದಿದ್ರೆ ಇಂಟರ್ವ್ಯೂವರ್ ಯಾವಾಗ ಬಿಡುವಾಗ್ತಾರೋ ಆವಾಗಲೇ. ಆಫರ್ ಇಲ್ಲದೆ ಇದೆ ಅಂತ ಮಾತ್ರ ಹೇಳಬಾರದು. ಪತ್ರ ತೋರಿಸಿ ಅಂದವರನ್ನೂ ನಾನು ಕಂಡಿದ್ದೀನಿ.

ಹೊಸ ರೌಂಡಿನ ಬಗ್ಗೆ ಯಾಕೆ ಸೇರಿಸಿದ್ರಿ ಅಂತ ಕೇಳಬೇಡ, ಅದು ಆಕ್ಷೇಪಣೆಯ ಹಾಗೆ ಕೇಳುತ್ತೆ. "ಹಿಂದಿನ ರೌಂಡ್ ನೋಡಿದ ಮೇಲೆ ಯಾವ ವಿಷಯದಲ್ಲಿ ಇನ್ನಷ್ಟು ಖಾತ್ರಿ ಬೇಕು ಅನ್ನಿಸಿದೆ?" ಅಂತ ಕೇಳು. ಪೂರ್ತಿ ಫೀಡ್‌ಬ್ಯಾಕ್ ಹೇಳಲ್ಲ, ಒಂದು ಪದ ಹೇಳ್ತಾರೆ. ನೀನು ಗುರುವಾರ ಬರೆದಿದ್ದು ನೋಡಿದ್ರೆ ನನಗೇನೋ ಅದು ಆ ಲಾಕಿನ ವಿಷಯವೇ ಇರಬಹುದು ಅನ್ಸುತ್ತೆ.

ಕೆರೆ ದಂಡೆ · ಶನಿವಾರ ಸಂಜೆ

ನನಗೆ ಹಾಗನ್ಸಲ್ಲ. ಲಾಕ್ ಒಂದಕ್ಕೇ ಆಗಿದ್ರೆ ಅದನ್ನ ಸಿಸ್ಟಂ ಡಿಸೈನ್ ರೌಂಡಲ್ಲೇ ಕೇಳಿ ಮುಗಿಸ್ತಿದ್ರು. ನಾಲ್ಕು ವರ್ಷ ಅನುಭವ ಅಂದ್ರೆ ಎರಡು ಮಟ್ಟದ ಗಡಿಯಲ್ಲಿ ಇರ್ತೀರಿ, ಮಟ್ಟ ತೀರ್ಮಾನಿಸೋಕೆ ಇಟ್ಟಿರಬಹುದು. ಎರಡಕ್ಕೂ ತಯಾರಿ ಬೇರೆ. ಕೇಳಿಯೇ ತಿಳ್ಕೋ. ಹಾಗೇ "ಇನ್ನು ಮುಂದೆ ಪ್ರತಿ ರೌಂಡ್ ಆದ ಮೇಲೂ ತೀರ್ಮಾನ ಆಗುತ್ತಾ, ಇಲ್ಲ ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಕೂತು ನೋಡ್ತೀರಾ?" ಅಂತಲೂ ಕೇಳು. ಪ್ರತಿ ರೌಂಡಿಗೂ ತೀರ್ಮಾನ ಅಂದ್ರೆ ಬೆಂಗಳೂರಿನ ಟಿಕೆಟ್ ಈಗಲೇ ಮಾಡಿಸೋದು ಬೇಡ.

ನಿಟುವಳ್ಳಿ ಹುಡುಗ · ಸೋಮವಾರ ರಾತ್ರಿ

ಮೂರೂ ಒಂದೇ ಮೇಲ್‌ನಲ್ಲಿ ಕೇಳಿದೆ. ದಿನಾಂಕವನ್ನೂ ಹೇಳಿದೆ. ಹೊಂಡದ ಸರ್ಕಲ್ ಅಣ್ಣ, ಬೇಜಾರು ಮಾಡ್ಕೋಬೇಡಿ, ಅದನ್ನ ಮುಚ್ಚಿಟ್ಟು ಆಮೇಲೆ 19ಕ್ಕೆ ಗೋಗರೆಯೋದು ನನ್ನಿಂದ ಆಗ್ತಿರಲಿಲ್ಲ.

ಉತ್ತರ ಬಂದಿದೆ. ಹೆಚ್ಚುವರಿ ರೌಂಡಿನ ವಿಷಯಕ್ಕೆ ಒಂದೇ ಪದ, "ಕನ್ಕರೆನ್ಸಿ". ಅಕ್ಕನ ಊಹೆಯೇ ಸರಿಯಾಯ್ತು. ಪ್ರತಿ ರೌಂಡ್ ಆದ ಮೇಲೂ ತೀರ್ಮಾನ ಆಗುತ್ತಂತೆ. ಬುಧವಾರ 11ಕ್ಕೆ ಇದು, ದಾಟಿದ್ರೆ ಶುಕ್ರವಾರ ಸಿಸ್ಟಂ ಡಿಸೈನ್, ಅದೂ ದಾಟಿದ್ರೆ 17ಕ್ಕೆ ಆಫೀಸು. 20ರೊಳಗೆ ಆಫರ್ ಕೊಡೋಕೆ ಆಗುತ್ತಾ ಅನ್ನೋದಕ್ಕೆ ಮಾತ್ರ "ಪ್ರಯತ್ನ ಮಾಡ್ತೀವಿ" ಅಂದಿದ್ದಾರೆ. ಟಿಕೆಟ್ ಮಾಡಿಸಿಲ್ಲ. ವಂದೇ ಭಾರತ್ ಸಿಗದಿದ್ರೆ ರಾತ್ರಿ ಬಸ್ಸಿದೆ.

ಕೆರೆ ದಂಡೆ ಅಣ್ಣ, ನಾಳೆ ರಜೆ ಹಾಕಿಲ್ಲ, ರಾತ್ರಿ ಒಂಬತ್ತರ ಮೇಲೆ ಬಿಡುವು. ಉದ್ರಿ ಪುಸ್ತಕಕ್ಕೇ ಇಬ್ಬರು ಒಟ್ಟಿಗೆ ಬರೆಯೋ ಹಾಗೆ ಮಾಡಿ ನೋಡಲಾ? ಗಿರಾಕಿಗೊಂದು ಲಾಕ್ ಇಡಬೇಕೋ, ಇಡೀ ಪುಸ್ತಕಕ್ಕೆ ಒಂದೋ ಅಂತ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ.

ಕೆರೆ ದಂಡೆ · ಸೋಮವಾರ ರಾತ್ರಿ

ಗಿರಾಕಿಗೊಂದು. ಇಡೀ ಪುಸ್ತಕಕ್ಕೆ ಒಂದೇ ಇಟ್ರೆ ಒಬ್ಬನ ಲೆಕ್ಕ ಬರೆಯುವಾಗ ಉಳಿದವರೆಲ್ಲ ಸಾಲಲ್ಲಿ ನಿಲ್ಲಬೇಕು. ಈಗ ಒಬ್ಬ ಗಿರಾಕಿಯ ಬಾಕಿಯನ್ನ ಇನ್ನೊಬ್ಬನ ಹೆಸರಿಗೆ ವರ್ಗಾಯಿಸೋದನ್ನ ಸೇರಿಸು. ಎರಡು ಲಾಕ್ ಬೇಕಾಗುತ್ತೆ, ಯಾವುದನ್ನ ಮೊದಲು ಹಿಡೀತೀಯ ಅನ್ನೋದನ್ನ ನಾಳೆ ರಾತ್ರಿ ಬರೆದು ಇಲ್ಲಿ ಹಾಕು, ನೋಡ್ತೀನಿ.